ರೊಟೇಟರ್ ಕಫ್ ಹೊಲಿಗೆಯ ನಂತರ: ನೋವಿಲ್ಲದ ವಾರಗಳಲ್ಲೇ ಭುಜಕ್ಕೆ ಹೆಚ್ಚು ಅಪಾಯ

"ಆಪರೇಷನ್ ಆಗಿ ಐದು ವಾರ ಆಯಿತು, ನೋವು ಪೂರ್ತಿ ಹೋಗಿದೆ. ಇನ್ನೂ ಈ ಬೆಲ್ಟ್ ಯಾಕೆ?" ಹುಬ್ಬಳ್ಳಿಯ ನನ್ನ ಫಿಸಿಯೋಥೆರಪಿ ಕೊಠಡಿಯಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಗದಗದಿಂದ, ಹಾವೇರಿಯಿಂದ ಫೋನ್ ಮಾಡುವವರದ್ದೂ ಇದೇ ಪ್ರಶ್ನೆ. ಪ್ರತಿ ಸಲವೂ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಈಗ ಕ್ರಮವಾಗಿ ಬರೆಯುತ್ತಿದ್ದೇನೆ. ಇದರಲ್ಲಿರುವ ವಾರಗಳ ಲೆಕ್ಕ ಸಾಮಾನ್ಯವಾಗಿ ಅನುಸರಿಸುವಂಥದ್ದು. ನಿಮ್ಮ ಭುಜವನ್ನು ಒಳಗಿನಿಂದ ಕಂಡವರು ನಿಮ್ಮ ಶಸ್ತ್ರವೈದ್ಯರು. ಅವರು ಬರೆದುಕೊಟ್ಟ ಚೀಟಿಗೂ ಈ ಲೇಖನಕ್ಕೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ಪಾಲಿಸಿ.

ಹೊಲಿದದ್ದು ಏನನ್ನು?

ನಮ್ಮ ಕಡೆ ಇದಕ್ಕೆ "ಭುಜದ ನರ ಹರಿದಿದೆ" ಎನ್ನುವ ರೂಢಿ ಇದೆ. ಹರಿದದ್ದು ನರವಲ್ಲ, ಸ್ನಾಯುರಜ್ಜು. ಸ್ನಾಯುವಿನ ತುದಿ ಗಟ್ಟಿಯಾದ ಪಟ್ಟಿಯಂತಾಗಿ ಎಲುಬಿಗೆ ಅಂಟಿಕೊಳ್ಳುತ್ತದೆಯಲ್ಲ, ಆ ಪಟ್ಟಿಯೇ ಸ್ನಾಯುರಜ್ಜು. ಭುಜದ ಸುತ್ತ ಇಂಥ ನಾಲ್ಕು ಸ್ನಾಯುಗಳು ಸೇರಿ ತೋಳೆಲುಬಿನ ತಲೆಯನ್ನು ಅಂಗಿಯ ಪಟ್ಟಿಯಂತೆ ಬಳಸಿ ಹಿಡಿದಿರುತ್ತವೆ. ಇವೆಲ್ಲಕ್ಕೂ ಸೇರಿ ರೊಟೇಟರ್ ಕಫ್ ಎಂದು ಹೆಸರು. ಹೆಚ್ಚಾಗಿ ಹರಿಯುವುದು ಮೇಲ್ಭಾಗದ ಸುಪ್ರಾಸ್ಪೈನೇಟಸ್. ಕೈಯನ್ನು ಮೇಲೆತ್ತುವ ಕೆಲಸ ಶುರುವಾಗುವುದೇ ಇದರಿಂದ.

ಶಸ್ತ್ರವೈದ್ಯರು ಎಲುಬಿನೊಳಗೆ ಆಂಕರ್ ಎಂಬ ಪುಟ್ಟ ಮೊಳೆಗಳನ್ನು ಕೂರಿಸಿ, ಅವುಗಳಿಗೆ ಕಟ್ಟಿದ ದಾರದಿಂದ ಹರಿದ ತುದಿಯನ್ನು ಎಳೆದು ಎಲುಬಿಗೆ ಒತ್ತಿ ಕಟ್ಟುತ್ತಾರೆ. ಅಂದು ಹೊಲಿಗೆ ಮುಗಿದಿರುತ್ತದೆ, ಅಂಟುವುದು ಇನ್ನೂ ಶುರುವೇ ಆಗಿರುವುದಿಲ್ಲ. ಮೊದಲ ಆರು ವಾರ ಸ್ನಾಯುರಜ್ಜು ತನ್ನ ಜಾಗದಲ್ಲಿ ನಿಲ್ಲುವುದು ಬಹುಮಟ್ಟಿಗೆ ದಾರದ ಬಲದಿಂದ. ಆ ಹೊತ್ತಿಗೆ ಎಲುಬಿಗೂ ರಜ್ಜುವಿಗೂ ನಡುವೆ ಎಳೆಯ ಅಂಗಾಂಶ ಬೆಳೆಯುತ್ತಿರುತ್ತದೆ. ಅದು ಎಳೆತ ತಾಳುವಷ್ಟು ಬಲಿಯಲು ಸುಮಾರು ಹನ್ನೆರಡು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಅದಕ್ಕೂ ಎಷ್ಟೋ ತಿಂಗಳು ಹೆಚ್ಚು.

ದಾರ ತುಂಡಾಗುವುದು ಅಪರೂಪ. ಈಗಿನ ದಾರಗಳು ಬಹಳ ಗಟ್ಟಿ. ಸಾಮಾನ್ಯವಾಗಿ ಸೋಲುವುದು ರಜ್ಜುವೇ. ಹಳೆಯ ಕೌದಿಗೆ ನೈಲಾನ್ ದಾರದಿಂದ ಹೊಲಿಗೆ ಹಾಕಿ ಜಗ್ಗಿದರೆ ಏನಾಗುತ್ತದೆ? ದಾರ ಹಾಗೇ ಇರುತ್ತದೆ, ಬಟ್ಟೆ ಹೊಲಿಗೆಯುದ್ದಕ್ಕೂ ಸೀಳುತ್ತದೆ. ಐವತ್ತು ಅರವತ್ತು ವರ್ಷ ದುಡಿದ ಸ್ನಾಯುರಜ್ಜುವಿನ ಸ್ಥಿತಿ ಆ ಕೌದಿಯಂತೆಯೇ.

ನೋವು ಮಾತ್ರ ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. ಊತ ಇಳಿದಂತೆ, ಚರ್ಮದ ಗಾಯ ಮಾಗಿದಂತೆ ನೋವು ಮೂರರಿಂದ ಆರು ವಾರಗಳಲ್ಲಿ ಬಹಳ ಕಡಿಮೆಯಾಗುತ್ತದೆ. ಅಂದರೆ ಭುಜ ನಿಮಗೆ "ಗುಣವಾಯಿತು" ಎಂದು ಹೇಳುವ ಹೊತ್ತಿಗೆ ಒಳಗಿನ ಅಂಟು ಇನ್ನೂ ಹಸಿಯಾಗಿರುತ್ತದೆ. ಮತ್ತೆ ಹರಿಯುವ ಪ್ರಸಂಗಗಳು ಹೆಚ್ಚಾಗಿ ಮೊದಲ ಮೂರು ಆರು ತಿಂಗಳಲ್ಲೇ ನಡೆಯುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಹಂತಗಳನ್ನು ಒಬ್ಬ ತಾಯಿಯ ಜೊತೆ ನಡೆದುಕೊಂಡು ಹೋಗೋಣ. ಅಣ್ಣಿಗೇರಿ ಕಡೆಯವರು, 58 ವರ್ಷ, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ಬಲ ಭುಜದ ಸುಪ್ರಾಸ್ಪೈನೇಟಸ್ ಎರಡೂವರೆ ಸೆಂಟಿಮೀಟರ್ ಹರಿದಿತ್ತು. ಒಂದರಿಂದ ಮೂರು ಸೆಂಟಿಮೀಟರ್‌ವರೆಗಿನದನ್ನು ಮಧ್ಯಮ ಎನ್ನುತ್ತಾರೆ. ಸಕ್ಕರೆ ಕಾಯಿಲೆಯೂ ಇತ್ತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಇರಬೇಕಾದದ್ದು

ಮೂರು ನಾಲ್ಕು ಗಟ್ಟಿ ದಿಂಬುಗಳು. ಕೈಗಳುಳ್ಳ, ಎತ್ತರವಾದ ಒಂದು ಕುರ್ಚಿ. ಬಚ್ಚಲಿಗೆ ಒಂದು ಸ್ಟೂಲ್ ಮತ್ತು ಕಾಲು ಜಾರದ ಚಾಪೆ. ಮುಂದೆ ಗುಂಡಿಯಿರುವ ಸಡಿಲ ಅಂಗಿಗಳು, ಹೆಂಗಸರಿಗೆ ಮುಂದೆ ತೆರೆಯುವ ನೈಟಿ ಅಥವಾ ಮುಂದೆ ಹುಕ್ ಇರುವ ಕುಪ್ಪಸ. ಕೂತು ಏಳುವ ಶೌಚಾಲಯ ಮಾತ್ರ ಇರುವ ಮನೆಯಾದರೆ ಮೇಲಿಡುವ ಕಮೋಡ್ ಕುರ್ಚಿಯನ್ನು ತಪ್ಪದೆ ತನ್ನಿ. ತುದಿಗಾಲಲ್ಲಿ ಕೂತವರು ಏಳುವಾಗ ತಿಳಿಯದೆಯೇ ಗೋಡೆಗೋ ನೆಲಕ್ಕೋ ಕೈ ಊರುತ್ತಾರೆ. ಹೊಲಿದ ಭುಜದ ಮೇಲೆ ಇಡೀ ಮೈಭಾರ ಬೀಳುವುದು ಆ ಕ್ಷಣದಲ್ಲಿ. ನೆಲದ ಮೇಲೆ ಊಟಕ್ಕೆ ಕೂರುವುದನ್ನೂ ಇದೇ ಕಾರಣಕ್ಕೆ ಕೆಲವು ವಾರ ಬಿಡಬೇಕು.

ಹಂತ 1: ಸ್ಲಿಂಗ್ ವಾರಗಳು (ಮೊದಲ ನಾಲ್ಕರಿಂದ ಆರು ವಾರ)

ಸ್ಲಿಂಗ್ ಎಂದರೆ ಕೈಯನ್ನು ಕೊರಳಿಗೆ ತೂಗಿಸುವ ಪಟ್ಟಿ, ಜನ "ಬೆಲ್ಟ್" ಎನ್ನುವುದು ಇದಕ್ಕೇ. ಹರಿದದ್ದು ಸಣ್ಣದಾದರೆ ನಾಲ್ಕು ವಾರ, ಮಧ್ಯಮ ಅಥವಾ ದೊಡ್ಡದಾದರೆ ಆರು ವಾರ ಹಾಕಲು ಹೇಳುವುದು ರೂಢಿ. ಬಹಳ ದೊಡ್ಡದಾದರೆ ಇನ್ನೂ ಹೆಚ್ಚು. ಅನೇಕ ಸ್ಲಿಂಗ್‌ಗಳಲ್ಲಿ ಪಕ್ಕೆಗೂ ಕೈಗೂ ನಡುವೆ ಒಂದು ದಿಂಬು ಇರುತ್ತದೆ. "ಇದೊಂದು ಅಡ್ಡಿ" ಎಂದು ಅದನ್ನು ಕಿತ್ತು ಮೂಲೆಗಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೋಳು ಮೈಗೆ ಒತ್ತಿಕೊಂಡಾಗ ಮೇಲಿನ ರಜ್ಜು ಎಲುಬಿನ ಗುಂಡಿನ ಮೇಲಿಂದ ಬಿಗಿಯಾಗಿ ಎಳೆದುಕೊಳ್ಳುತ್ತದೆ. ತೋಳು ಸ್ವಲ್ಪ ಹೊರಗಿದ್ದರೆ ಅದೇ ರಜ್ಜು ಸಡಿಲವಾಗಿ ಒರಗಿರುತ್ತದೆ. ಆ ಸಡಿಲಿಕೆಗಾಗಿಯೇ ದಿಂಬು ಇರುವುದು.

ಹಾಕಿಕೊಂಡದ್ದು ಸರಿಯಿದೆಯೇ ಎಂದು ಕನ್ನಡಿಯ ಮುಂದೆ ನಿಂತು ನೋಡಿ. ಮೊಣಕೈ ಚೀಲದ ಹಿಂದಿನ ಮೂಲೆಗೆ ಪೂರ್ತಿ ಸೇರಿರಬೇಕು. ಅಂಗೈ ಮೊಣಕೈಗಿಂತ ಕೆಳಗೆ ಜೋಲಬಾರದು, ಜೋತರೆ ಸಂಜೆಯ ಹೊತ್ತಿಗೆ ಬೆರಳು ಊದಿ ಉಂಗುರ ಬಿಗಿಯುತ್ತದೆ. ಎರಡೂ ಹೆಗಲು ಒಂದೇ ಮಟ್ಟದಲ್ಲಿರಬೇಕು. ಆಪರೇಷನ್ ಆದ ಹೆಗಲು ಕಿವಿಯತ್ತ ಏರಿದ್ದರೆ ಪಟ್ಟಿ ತೀರಾ ಬಿಗಿಯಾಗಿದೆ ಎಂದರ್ಥ. ಇನ್ನೊಂದು ವಾರ ಹಾಗೇ ಬಿಟ್ಟರೆ ಭುಜದ ನೋವಿನ ಜೊತೆಗೆ ಕತ್ತಿನ ನೋವೂ ಸೇರಿಕೊಳ್ಳುತ್ತದೆ.

ಸ್ಲಿಂಗ್ ಹಗಲೂ ರಾತ್ರಿಯೂ ಇರಬೇಕು. ತೆಗೆಯುವುದು ಸ್ನಾನಕ್ಕೆ, ಬಟ್ಟೆ ಬದಲಿಸಲು ಮತ್ತು ಹೇಳಿಕೊಟ್ಟ ವ್ಯಾಯಾಮಕ್ಕೆ ಮಾತ್ರ. ದಿನಕ್ಕೆ ನಾಲ್ಕೈದು ಸಲ ಮುಷ್ಟಿ ಬಿಗಿದು ಬಿಚ್ಚಿ, ಮಣಿಕಟ್ಟು ಆಡಿಸಿ. ತೋಳನ್ನು ಮೈಗೆ ಆನಿಸಿಕೊಂಡು ಮೊಣಕೈಯನ್ನು ಮಡಿಸಿ ಚಾಚಿ. ಇವು ಮೊದಲ ದಿನದಿಂದಲೇ ಮಾಡಬೇಕಾದವು. ಬೈಸೆಪ್ಸ್ ರಜ್ಜುವನ್ನೂ ಆಪರೇಷನ್‌ನಲ್ಲಿ ಕಟ್ಟಿದ್ದರೆ ಮೊಣಕೈಯ ವ್ಯಾಯಾಮಕ್ಕೆ ಬೇರೆ ನಿಯಮ ಇರುತ್ತದೆ, ಕೇಳಿಕೊಳ್ಳಿ.

ನಿದ್ರೆಯ ದೂರು ಎಲ್ಲರದ್ದೂ ಇದ್ದದ್ದೇ. ಚಪ್ಪಟೆಯಾಗಿ ಮಲಗಿದರೆ ಮೊಣಕೈ ಬೆನ್ನಿನ ಹಿಂದಕ್ಕೆ ಕುಸಿಯುತ್ತದೆ, ರಜ್ಜು ಮುಂದಿನಿಂದ ಎಳೆದುಕೊಳ್ಳುತ್ತದೆ, ಮಧ್ಯರಾತ್ರಿ ಎಚ್ಚರವಾಗುತ್ತದೆ. ಬೆನ್ನಿಗೆ ದಿಂಬುಗಳನ್ನು ಕೊಟ್ಟು ಅರ್ಧ ಕುಳಿತಂತೆ ಒರಗಿ, ತೋಳಿನ ಕೆಳಗೂ ಒಂದು ದಿಂಬು ಇಟ್ಟುಕೊಳ್ಳಿ. ಒಂದು ಸುಲಭ ಪರೀಕ್ಷೆ ಇದೆ. ತಲೆ ಎತ್ತದೆ ಕಣ್ಣು ಕೆಳಗೆ ಹಾಯಿಸಿದಾಗ ನಿಮ್ಮ ಮೊಣಕೈ ನಿಮಗೆ ಕಾಣಬೇಕು. ಕಾಣದಿದ್ದರೆ ಅದು ಹಿಂದಕ್ಕೆ ಹೋಗಿದೆ, ದಿಂಬು ಏರಿಸಿ.

ಸ್ನಾನಕ್ಕೆ ಸ್ಟೂಲಿನ ಮೇಲೆ ಕೂರಿ. ತಂಬಿಗೆ ಹಿಡಿಯುವುದು ಇನ್ನೊಂದು ಕೈ. ಕಂಕುಳು ತೊಳೆಯಲು ಕೈಯನ್ನು ಎತ್ತಬೇಡಿ, ಸೊಂಟದಿಂದ ಮುಂದಕ್ಕೆ ಬಾಗಿ. ಆಗ ಕೈ ತಾನಾಗಿಯೇ ಮೈಯಿಂದ ದೂರ ತೂಗುತ್ತದೆ, ಸಂದಿಯಲ್ಲಿ ಒದ್ದೆ ಬಟ್ಟೆ ಹಾಯಿಸಬಹುದು. ಏಪ್ರಿಲ್ ಮೇ ತಿಂಗಳ ನಮ್ಮ ಸೆಕೆಯಲ್ಲಿ ಕಂಕುಳನ್ನು ಒಣಗಿಸದೆ ಬಿಟ್ಟರೆ ನಾಲ್ಕೇ ದಿನಕ್ಕೆ ಚರ್ಮ ಕೆಂಪಾಗಿ ಬಿರಿಯುತ್ತದೆ. ತೆಳ್ಳನೆಯ ಹತ್ತಿ ಬಟ್ಟೆಯನ್ನು ಮಡಿಚಿ ಅಲ್ಲಿಟ್ಟುಕೊಳ್ಳಿ. ಅಂಗಿ ತೊಡುವಾಗ ಆಪರೇಷನ್ ಆದ ಕೈ ಮೊದಲು, ಕಳಚುವಾಗ ಆ ಕೈ ಕೊನೆಗೆ.

ಈ ಹಂತದಲ್ಲಿ ನಾನು ಅತಿ ಹೆಚ್ಚು ಹೆದರುವುದು ಮೂರು ಸಂಗತಿಗಳಿಗೆ. ಒಂದು, ಬೀಳುವುದು; ಬೀಳುವಾಗ ಕೈ ತಾನಾಗಿಯೇ ಚಾಚುತ್ತದೆ. ಎರಡು, ಓಡುವ ವಾಹನದಲ್ಲಿ ಮೇಲಿನ ಹಿಡಿಕೆ ಹಿಡಿಯುವುದು. ಚಿಗರಿ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯಿರಿ, ಹತ್ತಿ ನಿಂತು ಹೋಗಬೇಡಿ. ದ್ವಿಚಕ್ರ ವಾಹನದ ಹಿಂಬದಿ ಸೀಟು ಬೇಡವೇ ಬೇಡ. ಮೂರು, ಎಣ್ಣೆ ಹಾಕಿ ತಿಕ್ಕುವುದು. ಕಳಕಳಿಯಿಂದಲೇ ಬಂದ ನೆಂಟರು "ಕೈ ಬಿಗಿದುಕೊಂಡಿದೆ, ಒಂದು ಸಲ ಜಗ್ಗಿಸಿದರೆ ಸರಿಹೋಗುತ್ತದೆ" ಎಂದು ಎಲುಬು ಕೂರಿಸುವವರ ಬಳಿ ಕರೆದೊಯ್ಯುತ್ತಾರೆ. ಈ ವಾರಗಳಲ್ಲಿ ಭುಜವನ್ನು ಜಗ್ಗುವುದೆಂದರೆ ಹಸಿ ಹೊಲಿಗೆಯನ್ನೇ ಜಗ್ಗಿದಂತೆ. ನೆಂಟರಿಗೆ ಕೈಮುಗಿದು ಬೇಡವೆನ್ನಿ.

ತಂಬಾಕು ಬಿಡಲೇಬೇಕು. ಬೀಡಿ ಸಿಗರೇಟು ಮಾತ್ರವಲ್ಲ, ಗುಟ್ಕಾ, ಎಲೆಯಡಿಕೆಯ ಜೊತೆಗಿನ ತಂಬಾಕೂ ಸೇರಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೊದಲೇ ರಕ್ತ ಕಡಿಮೆ ಹರಿಯುವ ಈ ರಜ್ಜುವಿಗೆ ಬರುವುದು ಇನ್ನೂ ಕಡಿಮೆಯಾಗುತ್ತದೆ. ಸಕ್ಕರೆ ಏರಿದ್ದರೂ ಅಂಟುವುದು ತಡವಾಗುತ್ತದೆ. ಅಣ್ಣಿಗೇರಿ ಕಡೆಯ ಆ ತಾಯಿಗೆ ವೈದ್ಯರು ಈ ಆರು ವಾರ ಸಕ್ಕರೆಯನ್ನು ಎಂದಿಗಿಂತ ಹೆಚ್ಚು ಸಲ ಪರೀಕ್ಷಿಸಲು ಹೇಳಿದ್ದರು.

ಹಂತ 2: ಪ್ಯಾಸಿವ್ ಚಲನೆ (ವೈದ್ಯರು ಹೇಳಿದ ವಾರದಿಂದ)

ಇದು ಸ್ಲಿಂಗ್ ವಾರಗಳ ಒಳಗೇ ಶುರುವಾಗುತ್ತದೆ. ಪ್ಯಾಸಿವ್ ಎಂದರೆ ಕೈ ಆಡುತ್ತದೆ, ಆದರೆ ಅದನ್ನು ಆಡಿಸುವ ಬಲ ಆ ಭುಜದ್ದಲ್ಲ. ಇನ್ನೊಬ್ಬರು ಎತ್ತುತ್ತಾರೆ, ಅಥವಾ ನಿಮ್ಮದೇ ಇನ್ನೊಂದು ಕೈ ಎತ್ತುತ್ತದೆ. ಕೀಲು ಬಿಗಿಯದಂತೆ ನೋಡಿಕೊಳ್ಳುವುದು, ಆದರೆ ಹೊಲಿದ ಸ್ನಾಯು ಸಂಕುಚಿಸದಂತೆ ಕಾಯುವುದು, ಇವೆರಡೂ ಒಟ್ಟಿಗೆ ಆಗಬೇಕು.

ಎಂದು ಶುರು ಮಾಡಬೇಕು ಎಂಬುದು ಹರಿದ ಭಾಗದ ಗಾತ್ರದ ಮೇಲೆ ನಿಂತಿದೆ. ಸಣ್ಣದಾದರೆ ಮೊದಲ ಎರಡು ವಾರದಲ್ಲೇ ಶುರು ಮಾಡಿಸುವವರಿದ್ದಾರೆ, ದೊಡ್ಡದಾದರೆ ನಾಲ್ಕಾರು ವಾರ ಕಾಯಿಸುತ್ತಾರೆ. ಬೇಗ ಶುರು ಮಾಡಿದವರ ಕೈ ಮೊದಲ ತಿಂಗಳುಗಳಲ್ಲಿ ಹೆಚ್ಚು ಏಳುವುದು ನಿಜ. ಆದರೆ ವರ್ಷ ಕಳೆಯುವ ಹೊತ್ತಿಗೆ ತಡವಾಗಿ ಶುರು ಮಾಡಿದವರೂ ಬಹುತೇಕ ಅದೇ ಮಟ್ಟಕ್ಕೆ ಬಂದಿರುತ್ತಾರೆ. ಆದ್ದರಿಂದ "ಪಕ್ಕದ ಬೆಡ್ಡಿನವರಿಗೆ ಆಗಲೇ ಹೇಳಿಕೊಟ್ಟರು" ಎಂದು ಆತುರಪಡಬೇಡಿ. ಬಿಗಿದ ಭುಜವನ್ನು ತಿಂಗಳುಗಳ ವ್ಯಾಯಾಮದಿಂದ ಸಡಿಲಿಸಬಹುದು. ಹರಿದದ್ದನ್ನು ವ್ಯಾಯಾಮದಿಂದ ಹೊಲಿಯಲು ಬರುವುದಿಲ್ಲ.

ಆ ತಾಯಿಗೆ ಮೂರನೆಯ ವಾರದಿಂದ ಅನುಮತಿ ಸಿಕ್ಕಿತು. ಅವರ ಮಗನಿಗೆ ಹೇಳಿಕೊಟ್ಟದ್ದು ಹೀಗೆ.

ಮಂಚದ ಮೇಲೆ ಅಂಗಾತ ಮಲಗಿಸಿ, ತೋಳಿನ ಕೆಳಗೆ ಮಡಿಸಿದ ಟವೆಲ್ ಇಡಿ. ಒಂದು ಅಂಗೈಯಲ್ಲಿ ಮೊಣಕೈಯನ್ನೂ ಇನ್ನೊಂದರಲ್ಲಿ ಮಣಿಕಟ್ಟನ್ನೂ ಕೆಳಗಿನಿಂದ ಹಿಡಿಯಿರಿ. ಮೊದಲು ಎತ್ತಬೇಡಿ, ಭಾರ ನೋಡಿ. ಒಂದು ಇಡೀ ಕೈ ಮೈತೂಕದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ತೂಗುತ್ತದೆ, ಅರವತ್ತು ಕಿಲೋ ಮೈಯವರದು ಮೂರು ಕಿಲೋ. ಆ ಮೂರು ಕಿಲೋ ಪೂರ್ತಿ ನಿಮ್ಮ ಅಂಗೈಗೆ ಬರಬೇಕು. ಈಗ ನಿಧಾನಕ್ಕೆ ಎತ್ತಿ. ನೇರ ಮುಂದಕ್ಕೂ ಅಲ್ಲ, ಪೂರ್ತಿ ಪಕ್ಕಕ್ಕೂ ಅಲ್ಲ, ಎರಡರ ನಡುವೆ, ಮುಂದಿನ ದಿಕ್ಕಿಗೆ ತುಸು ಹತ್ತಿರವಾಗಿ. ಎತ್ತುತ್ತಿರುವಾಗ ಕೈ ಇದ್ದಕ್ಕಿದ್ದಂತೆ ಹಗುರವಾಯಿತೇ? ಅಂದರೆ ಅಮ್ಮ ತಾವೇ ಎತ್ತಲು ಶುರು ಮಾಡಿದ್ದಾರೆ. ನಿಲ್ಲಿಸಿ, ಕೆಳಗಿಳಿಸಿ, "ಸಡಿಲ ಬಿಡು" ಎನ್ನಿ, ಮತ್ತೆ ಭಾರ ಬರುವವರೆಗೆ ಕಾಯಿರಿ.

ಆ ಹುಡುಗನಿಗೆ ಇದು ತಿಳಿಯಲು ಎರಡು ದಿನ ಬೇಕಾಯಿತು. ಮಗನಿಗೆ ಶ್ರಮವಾಗದಿರಲಿ ಎಂದು ತಾಯಿ ತಿಳಿಯದೆಯೇ ಕೈ ಎತ್ತಿಕೊಡುತ್ತಿದ್ದರು. ಮನೆಯಲ್ಲಿ ಮಾಡುವ ಪ್ಯಾಸಿವ್ ವ್ಯಾಯಾಮ ದಾರಿ ತಪ್ಪುವುದು ಬಹುಪಾಲು ಹೀಗೆಯೇ. ಎತ್ತುವಾಗ ಅವರಿಗೆ ದೀರ್ಘವಾಗಿ ಉಸಿರು ಬಿಡಲು ಹೇಳಿ. ಉಸಿರು ಬಿಗಿಹಿಡಿದವರ ಭುಜವೂ ಬಿಗಿದಿರುತ್ತದೆ.

ಎಷ್ಟು ಎತ್ತಬೇಕೆಂಬ ಮಿತಿಯನ್ನು ಶಸ್ತ್ರವೈದ್ಯರು ಕೊಡುತ್ತಾರೆ. ತಾಯಿಗೆ ಕೊಟ್ಟದ್ದು ಮೊದಲು ತೊಂಬತ್ತು ಡಿಗ್ರಿ, ಅಂದರೆ ಮಲಗಿದಾಗ ಕೈ ಛಾವಣಿಯ ಕಡೆ ನೆಟ್ಟಗೆ ನಿಲ್ಲುವಷ್ಟು. ಆರನೆಯ ವಾರದ ಹೊತ್ತಿಗೆ ನೂರಿಪ್ಪತ್ತು. ಮೊಣಕೈ ಮಡಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸುವುದಕ್ಕೆ ಮೂವತ್ತು ಡಿಗ್ರಿ. ಮುಂಭಾಗದ ಸಬ್‌ಸ್ಕ್ಯಾಪುಲಾರಿಸ್ ಎಂಬ ರಜ್ಜುವನ್ನು ಹೊಲಿದಿದ್ದರೆ ಹೊರಕ್ಕೆ ತಿರುಗಿಸುವ ಮಿತಿ ಇನ್ನೂ ಕಡಿಮೆ ಇರುತ್ತದೆ. ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಹತ್ತು ಬಾರಿ ಸಾಕು. ಹೆಚ್ಚು ಮಾಡಿದರೆ ಬೇಗ ಗುಣವಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಲೋಲಕದ ವ್ಯಾಯಾಮವನ್ನೂ ಹೇಳಿಕೊಡುತ್ತಾರೆ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಮುಂದೆ ಬಾಗಿ, ಇನ್ನೊಂದು ಕೈಯನ್ನು ತೂಗಲು ಬಿಡುವುದು. ನೋಡಲು ಎಷ್ಟು ಸುಲಭವೋ ಅಷ್ಟೇ ಬೇಗ ತಪ್ಪಾಗುತ್ತದೆ. ಕೈಯನ್ನು ನೀವು ತಿರುಗಿಸಬಾರದು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿರಿ, ಬಾವಿಯ ಹಗ್ಗದಂತೆ ಕೈ ತಾನೇ ತೂಗಲಿ. ಸುತ್ತು ಚಿಕ್ಕ ತಟ್ಟೆಯಷ್ಟಿದ್ದರೆ ಸಾಕು. ರಾಟೆ ತಿರುಗಿಸಿದಂತೆ ದೊಡ್ಡ ಸುತ್ತು ಹಾಕಿದರೆ ಸ್ನಾಯು ಕೆಲಸ ಮಾಡುತ್ತದೆ, ಆಗ ಅದು ಪ್ಯಾಸಿವ್ ಆಗಿ ಉಳಿಯುವುದಿಲ್ಲ. ಬಾಗಿಲಿಗೆ ಕಟ್ಟುವ ಹಗ್ಗದ ರಾಟೆಯನ್ನೂ ಅಂಗಡಿಯಿಂದ ತಂದು ನೀವಾಗಿ ಶುರು ಮಾಡಬೇಡಿ. ಕುಳಿತು ಹಗ್ಗ ಜಗ್ಗುವಾಗ ಆಪರೇಷನ್ ಆದ ಭುಜವೂ ಸದ್ದಿಲ್ಲದೆ ದುಡಿಯುತ್ತದೆ.

ವ್ಯಾಯಾಮದ ನಂತರ ತುಸು ನೋವು ಬಂದು ಒಂದೆರಡು ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ಹಿಂದಿನ ದಿನಕ್ಕಿಂತ ಹೆಚ್ಚು ನೋವಿದ್ದರೆ ಮಾಡಿದ್ದು ಹೆಚ್ಚಾಯಿತು ಎಂದರ್ಥ. ಅಂದು ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ, ಮರುದಿನದಿಂದ ಮಿತಿ ಇಳಿಸಿ.

ಐದನೆಯ ವಾರ, ಉಕ್ಕಿದ ಹಾಲು

ತಾಯಿಯ ನೋವು ನಾಲ್ಕನೆಯ ವಾರದಲ್ಲೇ ಇಳಿದಿತ್ತು. ಐದನೆಯ ವಾರದ ಒಂದು ಬೆಳಿಗ್ಗೆ ಮುಖ ತೊಳೆದು ಬಂದವರು "ಐದು ನಿಮಿಷ" ಎಂದು ಸ್ಲಿಂಗ್ ಹಾಕಿಕೊಳ್ಳದೆ ಅಡುಗೆಮನೆಗೆ ಹೋದರು. ಒಲೆಯ ಮೇಲೆ ಹಾಲು ಉಕ್ಕಿತು. ಬಲಗೈ ತಾನಾಗಿಯೇ ಚಾಚಿ ಪಾತ್ರೆ ಎತ್ತಿತು. ಭುಜದಲ್ಲಿ ಚುಳ್ಳೆಂದಿತು, ಪಾತ್ರೆ ಕೆಳಗೆ ಬಿತ್ತು.

ಮಗ ಫೋನ್ ಮಾಡಿದಾಗ ನಾನು ಕೇಳಿದ ಪ್ರಶ್ನೆಗಳನ್ನೇ ನೀವೂ ಕೇಳಿಕೊಳ್ಳಬಹುದು. "ಟಕ್" ಎಂದು ಏನಾದರೂ ಕಿತ್ತ ಅನುಭವವಾಯಿತೇ? ಇಲ್ಲ. ನೋವು ಒಂದು ಗಂಟೆಯ ನಂತರ ಏರುತ್ತಿದೆಯೇ, ಇಳಿಯುತ್ತಿದೆಯೇ? ಇಳಿಯುತ್ತಿದೆ. ಭುಜ ಊದಿದೆಯೇ, ತೋಳಿನಲ್ಲಿ ನೀಲಿ ಕಲೆ ಹರಡಿದೆಯೇ? ಇಲ್ಲ. ಕೈ ಎತ್ತಿ ಪರೀಕ್ಷಿಸಿದಿರಾ? ಇಲ್ಲವೆಂದರು, ನನಗೆ ಸಮಾಧಾನವಾಯಿತು. ಹರಿದಿದೆಯೋ ಇಲ್ಲವೋ ನೋಡಲು ಮನೆಯಲ್ಲಿ ಕೈ ಎತ್ತಿಸುವುದು ದೊಡ್ಡ ತಪ್ಪು. ಆ ಪರೀಕ್ಷೆಯೇ ಉಳಿದದ್ದನ್ನು ಹರಿಯಬಹುದು. ಸ್ಲಿಂಗ್ ಹಾಕಿ, ಮಂಜುಗಡ್ಡೆ ಇಟ್ಟು, ಅಂದೇ ಶಸ್ತ್ರವೈದ್ಯರಿಗೆ ತಿಳಿಸಲು ಹೇಳಿದೆ. ಅವರು ಅಲ್ಟ್ರಾಸೌಂಡ್ ಮಾಡಿಸಿದರು. ಹೊಲಿಗೆ ಅದರ ಜಾಗದಲ್ಲೇ ಇತ್ತು. ಒಂದು ವಾರ ವ್ಯಾಯಾಮ ನಿಲ್ಲಿಸಿ, ಸ್ಲಿಂಗ್‌ನ ಅವಧಿಯನ್ನು ಏಳನೆಯ ವಾರದವರೆಗೆ ಎಳೆದರು.

ಆಪರೇಷನ್ ಆದ ಭುಜ ಬಲಗೈಯದಾದರೆ ಈ ಕೈ ಚಾಚುವ ಅಭ್ಯಾಸವೇ ಮುಖ್ಯ ಅಪಾಯ. ಅದನ್ನು ಮನಸ್ಸಿನಿಂದ ತಡೆಯಲು ಆಗುವುದಿಲ್ಲ, ಸ್ಲಿಂಗ್‌ನಿಂದ ಮಾತ್ರ ಆಗುತ್ತದೆ. ಸ್ಲಿಂಗ್ ಇರುವುದು ನೋವಿಗೆ ಎಂದುಕೊಂಡವರು ನೋವು ಹೋದ ದಿನ ತೆಗೆದಿಡುತ್ತಾರೆ.

ಹಂತ 3: ಸ್ವಂತ ಬಲದಿಂದ ಎತ್ತಲು ಕಲಿಯುವುದು (ಆರರಿಂದ ಹನ್ನೆರಡು ವಾರ)

ಸ್ಲಿಂಗ್ ಬಿಡುವುದು ಒಂದೇ ದಿನದ ಕೆಲಸವಲ್ಲ. ಮೊದಲು ಮನೆಯಲ್ಲಿ ಕುಳಿತಿರುವಾಗ ತೆಗೆಯಿರಿ, ಹೊರಗೆ ಹೋಗುವಾಗ ಮತ್ತು ಮಲಗುವಾಗ ಇನ್ನೂ ಕೆಲವು ದಿನ ಹಾಕಿ. ಸಂತೆಯಲ್ಲಿ, ಮದುವೆಮನೆಯಲ್ಲಿ ಅದನ್ನು ಕಂಡವರು ನಿಮ್ಮ ಕೈ ಹಿಡಿದು ಎಳೆಯುವುದಿಲ್ಲ, ಅದಕ್ಕಾದರೂ ಇರಲಿ.

ಈಗಿನ ಕ್ರಮ ಹೀಗೆ. ಮೊದಲು ಮಲಗಿ, ಒಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯ ಬಲದಿಂದ ಎರಡನ್ನೂ ಎತ್ತುವುದು. ಕುಳಿತು, ಮೇಜಿನ ಮೇಲೆ ಬಟ್ಟೆ ಹಾಸಿ ಕೈಯನ್ನು ಮುಂದಕ್ಕೆ ಜಾರಿಸುವುದು. ಒಂದೆರಡು ವಾರದ ನಂತರ ಮಲಗಿಯೇ, ಮೊಣಕೈ ಮಡಿಸಿಕೊಂಡು, ಸಹಾಯವಿಲ್ಲದೆ ಎತ್ತುವುದು. ಮೊಣಕೈ ಮಡಿಸಿದರೆ ಭಾರ ಭುಜಕ್ಕೆ ಹತ್ತಿರವಾಗುತ್ತದೆ, ರಜ್ಜುವಿಗೆ ಶ್ರಮ ಕಡಿಮೆ. ಅದು ಸರಾಗವಾದ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಒರಗಿ ಅದನ್ನೇ ಮಾಡುವುದು. ಕುಳಿತು, ನಿಂತು ಎತ್ತುವುದು ಕೊನೆಗೆ.

ಇಲ್ಲಿ ಕನ್ನಡಿ ಬೇಕೇ ಬೇಕು. ಕೈ ಎತ್ತುವಾಗ ಹೆಗಲು ಕಿವಿಯ ಕಡೆ ಏರುತ್ತದೆಯೇ ನೋಡಿ. ಏರಿದರೆ ಕಫ್ ತನ್ನ ಕೆಲಸ ಮಾಡದೆ ಕುತ್ತಿಗೆಯ ಸ್ನಾಯು ಕೈಯನ್ನು ಹೊತ್ತೊಯ್ಯುತ್ತಿದೆ. ತಾಯಿಗೆ ಹತ್ತನೆಯ ವಾರದಲ್ಲಿ ಕುಳಿತು ಎತ್ತಿದರೆ ಎಪ್ಪತ್ತು ಡಿಗ್ರಿಗೇ ಹೆಗಲು ಏರುತ್ತಿತ್ತು. ಅವರನ್ನು ಮತ್ತೆ ಒರಗಿದ ಭಂಗಿಗೆ ಇಳಿಸಿದೆ. "ಹಿಂದಕ್ಕೆ ಹೋದೆನಲ್ಲ" ಎಂದು ಬೇಸರಪಟ್ಟರು. ಹನ್ನೆರಡನೆಯ ವಾರಕ್ಕೆ ಹೆಗಲು ಏರದೆಯೇ ನೂರಮೂವತ್ತು ಡಿಗ್ರಿ ಎತ್ತಿದರು. ಹೆಗಲು ಏರಿಸಿಕೊಂಡೇ ಎತ್ತುವುದನ್ನು ಅಭ್ಯಾಸ ಮಾಡಿಬಿಟ್ಟರೆ ಬಿಡಿಸಲು ತಿಂಗಳುಗಳು ಬೇಕು.

ಈ ವಾರಗಳಲ್ಲಿ ಸೊಂಟದ ಮಟ್ಟದಲ್ಲಿ ಚಹಾ ಕಪ್ಪು ಹಿಡಿಯಬಹುದು, ಊಟ ಮಾಡಬಹುದು, ಬರೆಯಬಹುದು. ನೀರಿನ ಕೊಡ, ಮಾರುಕಟ್ಟೆಯ ಚೀಲ, ಮೊಮ್ಮಗು ಇವು ಯಾವುವೂ ಬೇಡ. ಅಂಗಡಿಯ ಶಟರ್ ಎತ್ತುವುದು ಬೇಡ. ಬೆನ್ನ ಹಿಂದೆ ಕೈ ಹಾಕಿ ಹುಕ್ ಹಚ್ಚುವುದನ್ನೂ ಹನ್ನೆರಡು ವಾರ ದಾಟುವವರೆಗೆ ಮುಂದೂಡಿ. ಆ ತಿರುವಿನಲ್ಲಿ ಹೊಲಿದ ರಜ್ಜು ನೇರವಾಗಿ ಎಳೆದುಕೊಳ್ಳುತ್ತದೆ.

ಹಂತ 4: ಬಲ ತುಂಬುವುದು (ಹನ್ನೆರಡು ವಾರದ ನಂತರ)

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿಗೆ ಬಂದವರು ನಿಯಮಿತವಾಗಿ ಫಿಸಿಯೋಥೆರಪಿಸ್ಟರ ಮುಂದೆ ಇರಬೇಕು. ಮೊಣಕೈಯನ್ನು ಪಕ್ಕೆಗೆ ಆನಿಸಿ, ನಡುವೆ ಟವೆಲ್ ಇಟ್ಟು, ತೆಳುವಾದ ರಬ್ಬರ್ ಪಟ್ಟಿಯನ್ನು ಹೊರಕ್ಕೂ ಒಳಕ್ಕೂ ಎಳೆಯುವುದು ಮೊದಲನೆಯದು. ಬೆನ್ನಿನ ಹಲಗೆಯೆಲುಬನ್ನು ಹಿಂದಕ್ಕೆ ಸೆಳೆಯುವುದು ಎರಡನೆಯದು. ಅರ್ಧ ಕಿಲೋದ ಭಾರ ಆಮೇಲೆ. ಕೈ ಚಾಚಿ ಭಾರ ಎತ್ತುವುದು, ತಲೆಯ ಮೇಲೆ ಎತ್ತುವುದು ಕೊನೆಗೆ. ಹರಿದದ್ದು ದೊಡ್ಡದಿದ್ದವರಿಗೆ ಈ ಹಂತವೇ ನಾಲ್ಕನೆಯ ತಿಂಗಳಿಗೆ ಶುರುವಾಗಬಹುದು.

ಮತ್ತೆ ಹರಿದಿದೆಯೇ ಅಥವಾ ಬರೀ ಬಿಗಿದಿದೆಯೇ?

ಇವೆರಡನ್ನೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬಿಗಿದ ಭುಜವನ್ನು ನೀವು ಎತ್ತಿದರೂ ಏಳುವುದಿಲ್ಲ, ಬೇರೆಯವರು ಎತ್ತಿದರೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹರಿದ ಭುಜವನ್ನು ಬೇರೆಯವರು ಎತ್ತಿದರೆ ಸಲೀಸಾಗಿ ಮೇಲೆ ಹೋಗುತ್ತದೆ, ಅವರು ಕೈಬಿಟ್ಟರೆ ಕೆಳಗೆ ಬೀಳುತ್ತದೆ. ಈ ಪರೀಕ್ಷೆ ಮಾಡಬೇಕಾದವರು ವೈದ್ಯರು ಅಥವಾ ಫಿಸಿಯೋಥೆರಪಿಸ್ಟರು. ನೀವು ಗಮನಿಸಬೇಕಾದದ್ದು, ಹಿಂದಿನ ವಾರ ಆಗುತ್ತಿದ್ದ ಕೆಲಸ ಈ ವಾರ ಇದ್ದಕ್ಕಿದ್ದಂತೆ ನಿಂತಿತೇ ಎಂಬುದನ್ನು. ಕೆಲವು ಸಲ ಏನೂ ಅನುಭವಕ್ಕೆ ಬಾರದೆಯೇ ಹರಿದಿರುತ್ತದೆ, ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಆದ್ದರಿಂದ ನೋವಿಲ್ಲವೆಂದು ವೈದ್ಯರ ಭೇಟಿ ತಪ್ಪಿಸಬೇಡಿ.

ಜ್ವರ, ಗಾಯದಿಂದ ನೀರು ಅಥವಾ ಕೀವು, ಇಡೀ ಕೈ ಊದುವುದು, ಎದೆನೋವು ಅಥವಾ ಉಸಿರಾಟದ ತೊಂದರೆ, ಅರಿವಳಿಕೆ ಇಳಿದ ಮೇಲೂ ಬೆರಳು ಜೋಮು ಹಿಡಿದೇ ಇರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಕೆಲಸಕ್ಕೆ ಯಾವಾಗ?

ಮೇಜಿನ ಕೆಲಸದವರು ಸ್ಲಿಂಗ್ ಹಾಕಿಕೊಂಡೇ ಕೆಲವು ವಾರಗಳಲ್ಲಿ ಹೋಗಬಹುದು. ವಾಹನ ಓಡಿಸುವುದು ಸ್ಲಿಂಗ್ ಬಿಟ್ಟು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಥಟ್ಟನೆ ತಿರುಗಿಸುವಷ್ಟು ಹಿಡಿತ ಬಂದ ಮೇಲೆ, ವೈದ್ಯರ ಒಪ್ಪಿಗೆಯಿಂದ. ಹೊಲ, ಹಮಾಲಿ, ಟ್ರ್ಯಾಕ್ಟರ್ ಕೆಲಸಕ್ಕೆ ಆರು ತಿಂಗಳಿಗಿಂತ ಕಡಿಮೆ ಲೆಕ್ಕ ಹಾಕಬೇಡಿ. ಕಟಾವಿನ ಕಾಲ ಎದುರಿಗಿದ್ದರೆ ಆಪರೇಷನ್‌ನ ದಿನಾಂಕವನ್ನು ಗೊತ್ತುಮಾಡುವಾಗಲೇ ವೈದ್ಯರಿಗೆ ಹೇಳಿ.

ತಾಯಿ ನಾಲ್ಕನೆಯ ತಿಂಗಳಲ್ಲಿ ಹಿಟ್ಟು ನಾದಲು ಶುರು ಮಾಡಿದರು, ಒಂದು ಸಲಕ್ಕೆ ಎರಡು ರೊಟ್ಟಿಯಷ್ಟು ಮಾತ್ರ, ನಿಂತು, ಸೊಂಟದೆತ್ತರದ ಕಟ್ಟೆಯ ಮೇಲೆ. ಮೊದಲು ನೆಲದ ಮೇಲೆ ಕೂತು ಬಡಿಯುತ್ತಿದ್ದವರು. ಹಿಟ್ಟು ನಾದುವ ಕೊಮಣಿಗೆ ಎತ್ತರಕ್ಕೆ ಬಂದ ಮೇಲೆ ಮೊಣಕೈ ಪಕ್ಕೆಯ ಹತ್ತಿರವೇ ಉಳಿಯಿತು, ಭುಜ ಮುಂದಕ್ಕೆ ಚಾಚುವ ಪ್ರಮೇಯ ತಪ್ಪಿತು. ಬಡಿಯಲು ಆರನೆಯ ತಿಂಗಳವರೆಗೆ ಕಾದರು. ಮೊದಲ ವಾರ ದಿನಕ್ಕೆ ಹತ್ತು ರೊಟ್ಟಿ, ಆಮೇಲೆ ವಾರಕ್ಕೆ ಹತ್ತರಂತೆ ಏರಿಸಿದೆವು. ಈಗ ದಿನಕ್ಕೆ ಅರವತ್ತು ಮಾಡುತ್ತಾರೆ, ಮೊದಲಿನ ನೂರು ಬೇಡವೆಂದು ತಾವೇ ನಿರ್ಧರಿಸಿದ್ದಾರೆ. ಉಳಿದ ನಲವತ್ತನ್ನು ಸೊಸೆ ಬಡಿಯುತ್ತಾಳೆ.